ಹಾಡಿಗೆ ಒಗ್ಗದ ಸಾಲು



ಹಾಡನ್ನು ಬರೆಯುವವರೊಬ್ಬರು, ಅದಕ್ಕೆ ರಾಗ ಹಾಕುವವರು ಇನ್ನೊಬ್ಬರು ಆದಾಗ ಇಬ್ಬರ ನಡುವೆ ಒಂದು ಮಾತು ತಪ್ಪದೆ ಬರುತ್ತದೆ: ‘ಈ ಸಾಲು ಹಾಡುವುದಕ್ಕೆ ಕಷ್ಟ, ಬದಲಾಯಿಸಿಕೊಡಿ.’ ಕವಿಯಾದವನು ಆಗ ಎರಡು ಬಗೆಯಲ್ಲಿ ತಪ್ಪುವುದುಂಟು. ಛಂದಸ್ಸು ಸರಿಯಾಗಿದೆಯಲ್ಲಾ ಎಂದು ಹಟ ಹಿಡಿಯುವುದು ಒಂದು. ಗಾಯಕನಿಗೆ ಸುಲಭವಾದರೆ ಸಾಕೆಂದು ಅರ್ಥವನ್ನೇ ಬಿಟ್ಟುಕೊಡುವುದು ಮತ್ತೊಂದು. ಈ ಎರಡರ ನಡುವಣ ದಾರಿಯನ್ನು, ನಮ್ಮದೇ ಒಂದು ಹಾಡಿನ ಎರಡು ಸಾಲುಗಳನ್ನು ಮುಂದಿಟ್ಟುಕೊಂಡು, ಈ ದಿನ ವಿವರಿಸಬೇಕೆಂದಿದ್ದೇವೆ.

ಮಗನನ್ನು ದೂರದೂರಿಗೆ ಕಳುಹಿಸಿದ ತಾಯಿಯೊಬ್ಬಳ ವಿಷಯವಾಗಿ ನಾವು ಬರೆದಿದ್ದ ಸಾಲುಗಳು ಇವು:

ಮಗನನು ಕಳುಹಿದ ತಾಯಿಯು ಮನೆಯಲಿ
ದೀಪವು ನಂದಿದರೂ ನಿದ್ರಿಸಳು

ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಒಟ್ಟು 16 ಮಾತ್ರೆಗಳು. ಎರಡನೆಯ ಸಾಲಿನ ಕೊನೆಯ ಲಘುವನ್ನು ಪಾದಾಂತ್ಯದ ನಿಯಮದಂತೆ ಗುರುವಾಗಿ ಎಣಿಸಿದರೆ ಅಲ್ಲಿಯೂ ಲೆಕ್ಕ ತಪ್ಪುವುದಿಲ್ಲ. ಮಿತ್ರರಾದ ವಿದ್ವಾಂಸರೊಬ್ಬರು ಇದನ್ನು ಆದಿತಾಳಕ್ಕೆ ಅಳವಡಿಸಿದರು. ತಾಳದ ಒಂದೊಂದು ಎಣಿಕೆಗೆ ಎರಡೆರಡು ಮಾತ್ರೆ. ಎಂಟು ಎಣಿಕೆಗೆ ಒಂದು ಸಾಲು. ಮೊದಲ ಸಾಲು ಮಧ್ಯಸ್ಥಾಯಿಯಲ್ಲಿ ನಿಲ್ಲದೆ ನಡೆಯುವುದು. ಎರಡನೆಯದು ಮೇಲೇರಿ, ಆರನೆಯ ಎಣಿಕೆಯಲ್ಲಿ ತಾರಷಡ್ಜದ ಮೇಲೆ ನಿಲ್ಲುವುದು. ಎರಡು ದಿನಗಳ ಮೇಲೆ ಅವರು ಬಂದು, ‘ಸ್ವಾಮಿ, ಎರಡನೆಯ ಸಾಲು ಬಾಯಲ್ಲಿ ನಿಲ್ಲುವುದಿಲ್ಲ’ ಎಂದರು.

ಇಂತಹ ಸಮಯದಲ್ಲಿ ಕೂಡಲೆ ಲೇಖನಿ ಹಿಡಿಯಬಾರದು. ‘ಸಾಲು ಕಷ್ಟ’ ಎಂಬುದು ದೂರೇ ಹೊರತು ಕಾರಣವಲ್ಲ. ಯಾವ ಅಕ್ಷರದಲ್ಲಿ ಕಷ್ಟವೆಂಬುದನ್ನು ಮೊದಲು ತಿಳಿಯಬೇಕು. ನಾವು ಅವರಿಂದ ಸಾಲನ್ನು ಮೂರು ಸಲ ಹಾಡಿಸಿ, ಕೈಯಲ್ಲಿ ತಾಳ ಹಾಕುತ್ತ, ಎಣಿಕೆಗಳ ಕೆಳಗೆ ಅಕ್ಷರಗಳನ್ನು ಬರೆದುಕೊಂಡೆವು. ಆಗ ಎರಡು ದೋಷಗಳು ಕಣ್ಣಿಗೆ ಬಿದ್ದವು.

ಮೊದಲನೆಯದು ಪದವು ಒಡೆದದ್ದು. ‘ನಂದಿದ’ ಎಂಬಷ್ಟು ಭಾಗ ನಾಲ್ಕನೆಯ ಎಣಿಕೆಗೆ ಮುಗಿದು, ‘ರೂ’ ಎಂಬುದು ಐದನೆಯ ಎಣಿಕೆಯ ಘಾತದ ಮೇಲೆ ಒಂಟಿಯಾಗಿ ಬೀಳುತ್ತಿತ್ತು. ದೀಪ ಆರಿದ ಬಳಿಕವೂ ಎಂಬ ಅರ್ಥದ ಜೀವವೆಲ್ಲ ಆ ‘ರೂ’ ಎಂಬಲ್ಲಿಯೇ ಇದೆ. ಅದು ತನ್ನ ಪದದಿಂದ ಬೇರ್ಪಟ್ಟರೆ ಕೇಳುವವನಿಗೆ ‘ನಂದಿದ’ ಎಂಬುದಷ್ಟೇ ಉಳಿಯುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ತಾರಷಡ್ಜ ನಿಲ್ಲಬೇಕಾದ ಎಡೆಯಲ್ಲಿ ‘ನಿದ್ರಿಸಳು’ ಎಂಬುದರ ‘ನಿ’ ಬಂದಿತ್ತು. ಒತ್ತಕ್ಷರದ ಹಿಂದಿರುವುದರಿಂದ ಅದು ಗುರು. ಛಂದಸ್ಸಿನ ಲೆಕ್ಕದಲ್ಲಿ ‘ನಿ’ಗೂ ‘ದೀ’ಗೂ ಭೇದವಿಲ್ಲ. ಹಾಡಿನಲ್ಲಿ ಮಾತ್ರ ಭೇದ ಬಹಳ. ‘ದೀ’ ಎಂಬಲ್ಲಿ ಸ್ವರವೇ ದೀರ್ಘ; ಉಸಿರಿರುವಷ್ಟು ಹೊತ್ತು ಅದನ್ನು ಹಿಡಿಯಬಹುದು. ‘ನಿದ್’ ಎಂಬಲ್ಲಿ ಗುರುತ್ವ ಬಂದಿರುವುದು ವ್ಯಂಜನವು ಬಾಯನ್ನು ಮುಚ್ಚುವುದರಿಂದ. ಮುಚ್ಚಿದ ಬಾಯಲ್ಲಿ ನಾದ ನಿಲ್ಲದು. ಗಾಯಕನು ನಿಲ್ಲಿಸಲೇಬೇಕಾದರೆ ‘ನೀ’ ಎಂದು ಎಳೆಯುತ್ತಾನೆ. ಆಗ ಕೇಳುವವನ ಕಿವಿಗೆ ‘ನೀನು’ ಎಂಬ ಅರ್ಥದ ಬೇರೆ ಪದವೇ ಬಂದು ಬೀಳುತ್ತದೆ. ಲೆಕ್ಕಕ್ಕೆ ಸರಿಯಾದ ಸಾಲು ಕಂಠಕ್ಕೆ ಒಗ್ಗದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ದೋಷವು ತಿಳಿದ ಮೇಲೆ, ತಿದ್ದುವುದಕ್ಕೆ ಮುಂಚೆ, ಸಾಲಿನ ಅರ್ಥವನ್ನು ಗದ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ನಾವು ಬರೆದುಕೊಂಡದ್ದು ಇಷ್ಟು: ದೀಪ ಆರಿತು, ಆದರೂ ಅವಳಿಗೆ ನಿದ್ರೆಯಿಲ್ಲ, ಇದು ಒಂದು ರಾತ್ರಿಯ ಮಾತಲ್ಲ, ಪ್ರತಿ ರಾತ್ರಿಯ ಮಾತು, ಕಾರಣವನ್ನು ಬಾಯಿಬಿಟ್ಟು ಹೇಳಿಲ್ಲ. ಈ ನಾಲ್ಕರಲ್ಲಿ ಒಂದು ಹೋದರೂ ಸಾಲು ಹೋದಂತೆಯೇ. ಪದಗಳನ್ನು ಕಾಪಾಡಬೇಕಾಗಿಲ್ಲ, ಇವನ್ನು ಕಾಪಾಡಬೇಕು.

ಮೊದಲ ಪ್ರಯತ್ನ ಹೀಗೆ:

ದೀಪವು ನಂದಿದ ಮೇಲೂ ಮಲಗಳು

‘ಮೇಲೂ’ ಎಂಬ ಪದ ಐದು ಆರನೆಯ ಎಣಿಕೆಗಳಲ್ಲಿ ಒಡೆಯದೆ ಕುಳಿತಿತು. ಎರಡು ಅಕ್ಷರಗಳೂ ದೀರ್ಘ. ಮೊದಲ ದೋಷ ಕಳೆಯಿತು. ಆದರೆ ‘ಮಲಗಳು’ ಎಂಬಲ್ಲಿ ನಾಲ್ಕು ಲಘುಗಳು ಎರಡೇ ಎಣಿಕೆಗಳಲ್ಲಿ ಓಡಬೇಕು. ಆ ಓಟದಲ್ಲಿ ಳಕಾರವು ಲಕಾರದಂತೆ ಕೇಳಿಸಿ, ‘ಮಲಗಲು’ ಎಂದಾಯಿತು! ಮಲಗುವುದಿಲ್ಲವೆಂಬ ನಿಷೇಧವು ಒಂದೇ ವ್ಯಂಜನವನ್ನು ಆಶ್ರಯಿಸಿದ್ದರಿಂದ ಬಂದ ಅಪಾಯ ಇದು. ಅರ್ಥವನ್ನು ತಿರುಗಿಸುವ ಅಕ್ಷರವನ್ನು ವೇಗದ ಎಡೆಯಲ್ಲಿ ಇಡಬಾರದು.

ಎರಡನೆಯ ಪ್ರಯತ್ನ:

ದೀಪವು ನಂದಿದ ಮೇಲೂ ಕಾದಳು

ವಿದ್ವಾಂಸರಿಗೆ ಇದು ಬಹಳ ಹಿಡಿಸಿತು. ‘ಕಾ’ ಎಂಬ ತೆರೆದ ಸ್ವರ ಅವರಿಗೆ ಬೇಕಾದ್ದೇ. ನಾವು ಒಪ್ಪಲಿಲ್ಲ. ಗದ್ಯದಲ್ಲಿ ಬರೆದಿಟ್ಟುದನ್ನು ನೋಡಿದರೆ ಎರಡು ಅಂಶಗಳು ಹೋಗಿದ್ದುವು. ‘ಕಾದಳು’ ಎಂದರೆ ಒಂದು ರಾತ್ರಿ ಕಾದಳು ಎಂದಾಗುತ್ತದೆ. ಅಲ್ಲದೆ, ಕೇಳುವವನು ತಾನಾಗಿ ಊಹಿಸಿ ಮರುಗಬೇಕಾದ್ದನ್ನು ನಾವೇ ಹೇಳಿಬಿಟ್ಟಂತಾಯಿತು. ಹಾಡುವುದಕ್ಕೆ ಚೆನ್ನಾದ ತಿದ್ದುಪಡಿಯೇ ಅರ್ಥಕ್ಕೆ ಹೆಚ್ಚು ಮೋಸ ಮಾಡುವುದುಂಟು.

ಕೊನೆಗೆ ಕ್ರಿಯಾಪದವನ್ನೇ ಬಿಟ್ಟೆವು:

ಮಗನನು ಕಳುಹಿದ ತಾಯಿಯ ಕಣ್ಣಿಗೆ
ದೀಪವು ನಂದಿದ ಮೇಲೂ ಜಾಗರ

ಕ್ರಿಯಾಪದವಿಲ್ಲದ್ದರಿಂದ ಒಂದು ದಿನದ ಮಾತೆಂಬ ಕಟ್ಟು ಇಲ್ಲ, ನಿದ್ರೆಯಿಲ್ಲವೆಂಬುದು ಉಳಿಯಿತು, ಕಾರಣ ಗುಟ್ಟಾಗಿಯೇ ಇದೆ. ಆದರೆ ‘ಅವಳು’ ಎಂಬ ಕರ್ತೃವನ್ನು ತಿಳಿಸುತ್ತಿದ್ದ ಪ್ರತ್ಯಯ ಹೋದುದರಿಂದ ಹಿಂದಿನ ಸಾಲಿನ ಕೊನೆಯನ್ನೂ ತಿದ್ದಬೇಕಾಯಿತು. ಕೆಟ್ಟ ಸಾಲಿನ ಮದ್ದು ಕೆಲವು ವೇಳೆ ಅದರ ಹಿಂದಿನ ಸಾಲಿನಲ್ಲಿ ಇರುತ್ತದೆ. ‘ಕಣ್ಣಿಗೆ’ ಎಂಬಲ್ಲಿಯೂ ಒತ್ತಕ್ಷರವಿದೆಯಲ್ಲಾ ಎಂದು ನೀವು ಕೇಳಬಹುದು. ಅಲ್ಲಿ ರಾಗ ನಿಲ್ಲದೆ ನಡೆಯುವುದರಿಂದ ಅದು ಬಾಧಕವಲ್ಲ; ನಡೆಗೆ ಸ್ವಲ್ಪ ಬಿಗಿಯನ್ನೇ ಕೊಡುತ್ತದೆ. ಒತ್ತಕ್ಷರಗಳನ್ನೆಲ್ಲ ಹಾಡಿನಿಂದ ಓಡಿಸಿದರೆ ಕನ್ನಡವು ಸಪ್ಪೆಯಾದೀತು. ಸ್ವರ ನಿಲ್ಲುವ ಎಡೆಯಿಂದ ಅವನ್ನು ಸರಿಸಿದರೆ ಸಾಕು.

ಇನ್ನು ರಾಗ ಹಾಕಿದವರ ಪಾಲು. ‘ಲೂ’ ಎಂಬ ಅಕ್ಷರದಲ್ಲಿ ತುಟಿಗಳು ಕೂಡಿ, ತಾರಷಡ್ಜದಲ್ಲಿ ನಾದ ಸಣ್ಣದಾಗುತ್ತದೆಂದು ಅವರು ಹೇಳಿದರು. ‘ಲೂ’ ಎಂಬಲ್ಲಿ ಏರಿ ಬಂದು, ಏಳನೆಯ ಎಣಿಕೆಯಲ್ಲಿ ‘ಜಾ’ ಎಂಬಲ್ಲಿ ನಿಲ್ಲಬಾರದೇ ಎಂದು ನಾವು ಕೇಳಿದೆವು. ಅವರು ಹಾಡಿನೋಡಿ ಒಪ್ಪಿದರು. ಒಂದು ಎಣಿಕೆಯಷ್ಟು ಅವರು ಸರಿದರು, ಒಂದು ಸಾಲಿನಷ್ಟು ನಾವು ಸರಿದೆವು. ಬಿಡಲಾಗದ ಪದವೊಂದು, ಊರ ಹೆಸರೋ ಆಳ ಹೆಸರೋ ಆಗಿದ್ದರೆ, ಕವಿಯು ಸರಿಯುವುದಕ್ಕೆ ಎಡೆಯೇ ಇಲ್ಲ. ಆಗ ಸಾಲನ್ನು ಘಾತ ಬಿಟ್ಟು ಎತ್ತಿಕೊಳ್ಳುವಂತೆ ರಾಗ ಹಾಕುವವರನ್ನೇ ಬೇಡಬೇಕು.

ಕೊನೆಯದಾಗಿ ಪರೀಕ್ಷೆ. ಸಾಲನ್ನು ಮೊದಲು ಕಂಡವರ ಕಿವಿ ನಂಬಲರ್ಹವಲ್ಲ. ಅವರಿಗೆ ಪದಗಳು ಮುಂಚೆಯೇ ಗೊತ್ತು. ಹಾಡನ್ನು ಕೇಳದ ಒಬ್ಬರನ್ನು ಪಕ್ಕದ ಕೋಣೆಯಲ್ಲಿ ಕುಳ್ಳಿರಿಸಿ, ಒಂದೇ ಸಲ ಹಾಡಿ, ಕೇಳಿಸಿದ್ದನ್ನು ಹೇಳಿರೆಂದು ಕೇಳಬೇಕು. ನಮ್ಮ ಮನೆಯಲ್ಲಿ ಈ ಕೆಲಸ ನಮ್ಮ ಅತ್ತಿಗೆಯವರದು. ಅವರು ಎರಡು ಸಾಲುಗಳನ್ನೂ ತಪ್ಪಿಲ್ಲದೆ ಒಪ್ಪಿಸಿ, ‘ಪಾಪ, ಆ ಹುಡುಗ ಕಾಗದವನ್ನಾದರೂ ಬರೆಯಬಾರದೆ?’ ಎಂದರು. ಸಾಲಿನಲ್ಲಿ ನಾವು ಹೇಳದಿದ್ದ ಕಾರಣವು ಅವರಿಗೆ ಮುಟ್ಟಿತ್ತು. ಅಲ್ಲಿಗೆ ಲೇಖನಿಯನ್ನು ಕೆಳಗಿಟ್ಟೆವು.