ಎರಡನೆಯ ಸಮೀಕರಣವನ್ನೂ ಕೇಳಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನಿವೃತ್ತ ಗಣಿತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನನಗೆ ಭಾಷಣ ಬರುವುದಿಲ್ಲ, ಪಾಠ ಬರುತ್ತದೆ. ಅದಕ್ಕೇ ಪಕ್ಕದ ಕೊಠಡಿಯಿಂದ ಈ ಕಪ್ಪುಹಲಗೆಯನ್ನು ತರಿಸಿಕೊಂಡಿದ್ದೇನೆ. ಒಂದೇ ಒಂದು ಲೆಕ್ಕ ಮಾಡಿ ಕೂರುತ್ತೇನೆ. ಇದು ನನ್ನ ಹಳೆಯ ಸಾಲ.

ಎಷ್ಟೋ ವರ್ಷಗಳ ಹಿಂದೆ, ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಹಂಚಿದ ದಿನ, ಹತ್ತನೆಯ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಹತ್ತಿರ ಬಂದು ನಿಂತ. "ಸಾರ್, ತಾಳೆ ನೋಡಿಯೇ ಬರೆದಿದ್ದೇನೆ. ಸರಿ ಬಂದಿದೆ. ಮತ್ತೆ ಯಾಕೆ ತಪ್ಪು ಹಾಕಿದ್ದೀರಿ?" ಅಂದ. ಅವನು ಈಗ ಈ ಸಭೆಯಲ್ಲೇ ಕೂತಿದ್ದಾನೆ, ಹೆಸರು ಹೇಳುವುದಿಲ್ಲ. ಲೆಕ್ಕ ಇಷ್ಟು: ಎರಡು ಪೆನ್ನು, ಮೂರು ಪೆನ್ಸಿಲ್ ಸೇರಿ 16 ರೂಪಾಯಿ. ಎರಡು ಪೆನ್ನಿನ ಬೆಲೆ ಒಂದು ಪೆನ್ಸಿಲಿನ ಬೆಲೆಗಿಂತ 8 ರೂಪಾಯಿ ಹೆಚ್ಚು. ಒಂದೊಂದರ ಬೆಲೆ ಎಷ್ಟು?

2x + 3y = 16 … (1)
2x − y = 8 … (2)

ಒಂದರಿಂದ ಎರಡನ್ನು ಕಳೆದರೆ 2x ಹೋಗುತ್ತದೆ. ಹುಡುಗ 3y ಯಿಂದ y ಕಳೆದು 2y = 8, ಆದ್ದರಿಂದ y = 4 ಎಂದು ಬರೆದಿದ್ದ. ಅದನ್ನು ಮೊದಲ ಸಮೀಕರಣಕ್ಕೆ ಹಾಕಿ 2x + 12 = 16, x = 2 ಎಂದು ತೆಗೆದಿದ್ದ. ಕೆಳಗೆ ತಾಳೆ: 4 + 12 = 16. ಸರಿ!

ತಾಳೆ ನೋಡಿ ಎಂದು ವರ್ಷಗಟ್ಟಲೆ ಹೇಳಿದವನು ನಾನು. ಎಲ್ಲಿ ನೋಡಬೇಕು ಎಂದು ಒತ್ತಿ ಹೇಳಿರಲಿಲ್ಲ. ಅವನು x ನ ಬೆಲೆಯನ್ನು ಪಡೆದದ್ದೇ ಮೊದಲ ಸಮೀಕರಣದಿಂದ. y ಗೆ 4 ಅಲ್ಲ, 40 ಹಾಕಿದ್ದರೂ ಆ ಸಮೀಕರಣ ತನಗೆ ಒಪ್ಪುವಂಥ x ಒಂದನ್ನು ಕೊಡುತ್ತಿತ್ತು. ಹಾಗೆ ಕೊಟ್ಟ x ನ್ನು ಮತ್ತೆ ಅದಕ್ಕೇ ತೋರಿಸಿದರೆ ಅದು ಸರಿ ಎನ್ನದೆ ಇನ್ನೇನು ಹೇಳೀತು? ಜಗಳದಲ್ಲಿ ಒಂದೇ ಕಡೆಯವರನ್ನು ಎರಡು ಸಲ ಕೇಳಿದ ಹಾಗೆ.

ಈಗ ಎರಡನೆಯದಕ್ಕೆ ಹಾಕೋಣ. 2x ಅಂದರೆ 4. ಅದರಿಂದ y, ಅಂದರೆ 4 ಕಳೆದರೆ ಸೊನ್ನೆ. ಬರಬೇಕಾದದ್ದು 8. ಸಿಕ್ಕಿಬಿತ್ತು.

ಇಷ್ಟಕ್ಕೇ ಲೆಕ್ಕವನ್ನೆಲ್ಲ ಹೊಡೆದುಹಾಕಿ ಮೊದಲಿಂದ ಮಾಡಬೇಡಿ. ಕೊರತೆ ಎಷ್ಟು ಎಂದು ನೋಡಿ: 8. ಆ ಸಮೀಕರಣದಲ್ಲಿ y ಪದದ ಬೆಲೆ 4. ಕೊರತೆ ಸರಿಯಾಗಿ ಅದರ ಎರಡರಷ್ಟು. ಕಳೆಯಬೇಕಾದ 4ನ್ನು ಕೂಡಿಬಿಟ್ಟರೆ ಉತ್ತರ 4ರಷ್ಟಲ್ಲ, 8ರಷ್ಟು ಪಕ್ಕಕ್ಕೆ ಹೋಗುತ್ತದೆ. ಆದ್ದರಿಂದ ವ್ಯತ್ಯಾಸ ಯಾವುದಾದರೂ ಒಂದು ಪದದ ಎರಡರಷ್ಟಿದ್ದರೆ, ಮೊದಲು ಆ ಪದದ ಚಿಹ್ನೆಯನ್ನು ಅನುಮಾನಿಸಿ. ಇಲ್ಲಿ ಚಿಹ್ನೆ ಬದಲಿಸಿ ನೋಡಿ: 4 + 4 = 8. ಹುಡುಗನ ಉತ್ತರ 2x + y = 8 ಎಂಬ ಬೇರೆಯೇ ಸಮೀಕರಣಕ್ಕೆ ಪೂರ್ತಿ ಸರಿ. ನಾನು ಕೊಟ್ಟಿದ್ದು ಅದಲ್ಲ, ಅಷ್ಟೆ.

ತಪ್ಪಾದ ಸಾಲು ಈಗ ತಾನಾಗಿ ಕಾಣುತ್ತದೆ. 3y ಯಿಂದ −y ಕಳೆಯಬೇಕಿತ್ತು. ಋಣವನ್ನು ಕಳೆದರೆ ಕೂಡುತ್ತದೆ: 3y − (−y) = 4y. 4y = 8, y = 2. ಆಗ 2x = 10, x = 5. ಮೊದಲನೆಯದು 10 + 6 = 16, ಎರಡನೆಯದು 10 − 2 = 8. ಪೆನ್ನು 5 ರೂಪಾಯಿ, ಪೆನ್ಸಿಲ್ 2 ರೂಪಾಯಿ. ಪೆನ್ನಿಗಿಂತ ಪೆನ್ಸಿಲ್ ದುಬಾರಿಯಾದಾಗಲೇ ಅನುಮಾನ ಬರಬೇಕಿತ್ತು ಎನ್ನಬಹುದು. ಆದರೆ ಬರಿಯ x, y ಕೊಟ್ಟಾಗ ಆ ಸುಳಿವು ಇರುವುದಿಲ್ಲ.

ಹಾಗಾದರೆ ಮೊದಲನೆಯದರಲ್ಲಿ ತಾಳೆ ನೋಡುವುದು ದಂಡವೆ? ಅಲ್ಲ. ಕೊನೆಯ ಮೆಟ್ಟಿಲಿನಲ್ಲಿ 6ನ್ನು ಆಚೆಗೆ ಒಯ್ಯುವಾಗ 2x = 16 + 6 ಎಂದು ಬರೆದುಬಿಟ್ಟರೆ x = 11 ಆಗುತ್ತದೆ. ಅದನ್ನು ಹಿಡಿಯುವುದು ಮೊದಲನೆಯದೇ: 22 + 6 = 28, ಬೇಕಾದದ್ದಕ್ಕಿಂತ 12 ಹೆಚ್ಚು. ಅಲ್ಲಿಯೂ ಆರರ ಎರಡರಷ್ಟೇ. ಅದಕ್ಕೇ ಎರಡರಲ್ಲೂ ನೋಡಬೇಕು. ಅದೂ ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾದ ಸಮೀಕರಣಗಳಲ್ಲಿ, ನಾವು ಗುಣಿಸಿ ಬರೆದುಕೊಂಡವುಗಳಲ್ಲಿ ಅಲ್ಲ. ಗುಣಿಸುವಾಗಲೇ ತಪ್ಪಿದ್ದರೆ ಆ ತಪ್ಪು ತಾಳೆಯೊಳಗೂ ಬಂದು ಕೂರುತ್ತದೆ. ಮಾತಿನ ಲೆಕ್ಕವನ್ನೇ ತಪ್ಪಾಗಿ ಸಮೀಕರಣ ಮಾಡಿದ್ದರೆ ಎರಡೂ ತಾಳೆ ಸರಿಯಾಗಿಯೇ ಬರುತ್ತವೆ. ಆಗ ಬಂದ ಬೆಲೆಗಳನ್ನು ಪ್ರಶ್ನೆಯ ಮಾತುಗಳಿಗೇ ಹಚ್ಚಿ ನೋಡಬೇಕು.

ಅಂದು ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. "ಎರಡನೆಯದಕ್ಕೆ ಹಾಕಿ ನೋಡೋ" ಎಂದು ಕಳಿಸಿಬಿಟ್ಟೆ. ಎಂಟರ ಗುಟ್ಟು ಹೇಳಬೇಕಿತ್ತು. ಇವತ್ತು ಹೇಳಿದ್ದೇನಪ್ಪ.

ಹಿಂದಿನ ಸಾಲಿನಲ್ಲಿರುವ ಈಗಿನ ಹತ್ತನೆಯ ತರಗತಿಯ ಮಕ್ಕಳಿಗೆ ಹಲಗೆಯ ಮೇಲೆ ಇನ್ನೊಂದು ಬಿಟ್ಟುಹೋಗುತ್ತೇನೆ. x + 5y = 17, x − y = 5. ಒಬ್ಬರು x = 2, y = 3 ಎಂದು ಬರೆದಿದ್ದಾರೆ. ಊಟಕ್ಕೆ ಏಳುವ ಮುಂಚೆ, ಯಾವ ಚಿಹ್ನೆ ತಪ್ಪಿದೆ ಎಂದು ನನಗೆ ಬಂದು ಹೇಳಿ.