ಕಳೆದುಹೋದ ಲೆಕ್ಕಕ್ಕಾಗಿ ಬ್ಯಾಂಕಿಗೊಂದು ಪತ್ರ



ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಿಂದ ಕೃಷಿ ಪತ್ತಿನ ಸಹಕಾರ ಸಂಘವೊಂದು ಹುಟ್ಟಿದ ಕಾಲದಿಂದ ಮೊದಲ್ಗೊಂಡು ಬಹುಕಾಲದವರೆಗೆ, ನಮ್ಮ ಹಳ್ಳಿಗಳ ಸಹಕಾರ ಸಂಘಗಳ ಜಮಾಖರ್ಚೆಲ್ಲವೂ ದಪ್ಪರಟ್ಟಿನ ಪುಸ್ತಕಗಳಲ್ಲಿ, ಕಾರ್ಯದರ್ಶಿಗಳ ಹಸ್ತಾಕ್ಷರದಲ್ಲಿಯೇ ನೆಲೆಸಿದ್ದಿತು. ಈಗ ಆ ಲೆಕ್ಕ ಗಣಕಯಂತ್ರವನ್ನು ಸೇರುತ್ತಿದೆ. ದೇಶದ ಅರುವತ್ತಮೂರು ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರಕಾರವು 2022ರಲ್ಲಿ ಮಂಜೂರಾತಿ ನೀಡಿತು. ಅದಕ್ಕೆ ಮುಂಚೆಯೇ ಅನೇಕ ಸಂಘಗಳು ತಮ್ಮಷ್ಟಕ್ಕೆ ತಾವೇ ಒಂದು ಯಂತ್ರವನ್ನು ಕೊಂಡು ಲೆಕ್ಕವನ್ನು ಅದಕ್ಕೆ ಒಪ್ಪಿಸಿದ್ದವು. ಅಂತಹ ಒಂಟಿ ಯಂತ್ರವು ಕೆಟ್ಟು, ಒಳಗಿನ ಲೆಕ್ಕ ಮರಳಿ ಬಾರದಂತಾದಾಗ ಕಾರ್ಯದರ್ಶಿಯಾದವನು ಬರೆಯಬೇಕಾದ ಮೊದಲ ಪತ್ರಗಳಲ್ಲಿ ಒಂದನ್ನು ಕುರಿತು ಈ ಹೊತ್ತು ವಿವರಿಸಬೇಕೆಂದಿದ್ದೇನೆ. ಅದು ಸಂಘದ ಹಣವನ್ನು ಇಟ್ಟುಕೊಂಡಿರುವ ಬ್ಯಾಂಕಿಗೆ, ಖಾತೆಗಳ ಸ್ಟೇಟ್‌ಮೆಂಟುಗಳನ್ನು ಮತ್ತೊಮ್ಮೆ ಕೊಡಿರೆಂದು ಬರೆಯುವ ಪತ್ರ.

ಉದಾಹರಣೆಗಾಗಿ ಒಂದು ಸಂಘವನ್ನು ಕಲ್ಪಿಸಿಕೊಳ್ಳೋಣ. 2024ರ ಜುಲೈ ತಿಂಗಳ ಒಂದು ರಾತ್ರಿ ಸಿಡಿಲಿನ ಹೊಡೆತಕ್ಕೆ ಅದರ ಗಣಕಯಂತ್ರ ಸುಟ್ಟುಹೋಯಿತು. ಪ್ರತಿದಿನವೂ ತೆಗೆಯುತ್ತಿದ್ದ ಬ್ಯಾಕಪ್ ಪ್ರತಿಯು ಅದೇ ಯಂತ್ರದ ಅದೇ ಡಿಸ್ಕಿನ ಇನ್ನೊಂದು ವಿಭಾಗದಲ್ಲಿದ್ದ ಕಾರಣ ಅದೂ ಉಳಿಯಲಿಲ್ಲ. ಹಿಂದಿನ ಸಾಲಿನ, ಅಂದರೆ 2022–23ರ ಲೆಕ್ಕಪರಿಶೋಧನೆ ಮುಗಿದಿದ್ದು, ಅದರ ಅಢಾವೆ ಪತ್ರಿಕೆಯು ಲೆಕ್ಕಪರಿಶೋಧಕರ ಸಹಿಯೊಡನೆ ಕಾಗದದ ಮೇಲೆ ಭದ್ರವಾಗಿದೆ. 2023–24ರ ಲೆಕ್ಕವಾದರೋ ಇನ್ನೂ ಪರಿಶೋಧನೆಗೆ ಒಳಪಟ್ಟಿರಲಿಲ್ಲ. ನಿಗದಿತ ಅವಧಿಯೊಳಗೆ ಅದು ಮುಗಿಯತಕ್ಕುದಾಗಿದೆ. ಹೀಗೆ ಉಳಿದುದು ಒಂದು ಆರಂಭದ ಶಿಲ್ಕು, ಚೆಕ್ ಪುಸ್ತಕಗಳ ಅಡಿಚೀಟಿಗಳು, ಬ್ಯಾಂಕಿಗೆ ಹಣ ಕಟ್ಟಿದ ಚಲನುಗಳ ಪ್ರತಿಗಳು, ಸದಸ್ಯರಿಗೆ ಕೊಟ್ಟ ರಸೀದಿಗಳ ಪ್ರತಿಗಳು, ಮತ್ತು ಬ್ಯಾಂಕಿನ ಪುಸ್ತಕಗಳಲ್ಲಿ ಅಡಗಿರುವ ಅದರದೇ ಆದ ದಾಖಲೆ.

ಇಂತಹ ಸಮಯದಲ್ಲಿ ಗಾಬರಿಗೊಂಡ ಕಾರ್ಯದರ್ಶಿಯು ಸಾಮಾನ್ಯವಾಗಿ ಬರೆಯುವುದು, "ನಮ್ಮ ಸಂಘದ ಎಲ್ಲ ಸ್ಟೇಟ್‌ಮೆಂಟುಗಳನ್ನು ದಯವಿಟ್ಟು ಕೊಡಬೇಕು" ಎಂಬ ಒಂದು ಸಾಲು. ಈ ಸಾಲಿನಲ್ಲಿ ವಿನಯವಿದೆ, ಆದರೆ ಬ್ಯಾಂಕಿನ ಗುಮಾಸ್ತನು ಮಾಡಬೇಕಾದ ಕೆಲಸದ ಸೂಚನೆ ಒಂದಿಷ್ಟೂ ಇಲ್ಲ. ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಲ್ಲಿ ಒಂದು ಸಂಘಕ್ಕೆ ಒಂದೇ ಖಾತೆ ಇರುವುದು ವಿರಳ: ದಿನನಿತ್ಯದ ವ್ಯವಹಾರಕ್ಕೆ ಚಾಲ್ತಿ ಖಾತೆ, ಒಂದು ಉಳಿತಾಯ ಖಾತೆ, ಸದಸ್ಯರಿಗೆ ಹಂಚಲು ಬ್ಯಾಂಕಿನಿಂದ ತಂದ ಬೆಳೆಸಾಲದ ಖಾತೆ, ಆಪದ್ಧನವನ್ನಿಟ್ಟ ಮುದ್ದತು ಠೇವಣಿ, ಬ್ಯಾಂಕಿನಲ್ಲಿ ಸಂಘವು ಹೊಂದಿರುವ ಷೇರುಗಳು, ಇವೆಲ್ಲವೂ ಬೇರೆ ಬೇರೆ. ಬ್ಯಾಂಕು ತನ್ನ ಹಳೆಯ ಗಣಕ ವ್ಯವಸ್ಥೆಯನ್ನು ಬಿಟ್ಟು ಹೊಸದಕ್ಕೆ ಬಂದಾಗ ಖಾತೆಯ ಸಂಖ್ಯೆಯೇ ಬದಲಾಗಿರುವುದೂ ಉಂಟು. ಹಳೆಯ ಸಂಖ್ಯೆಯನ್ನು ಹೇಳದಿದ್ದರೆ ವರ್ಷದ ಒಂದು ಭಾಗ ಸಿಕ್ಕಿ ಇನ್ನೊಂದು ಭಾಗ ಸಿಕ್ಕದೆ ಹೋದೀತು. ಆದುದರಿಂದ ಪತ್ರದ ಮುಖ್ಯ ಗುಣ ನಿಖರತೆ. ನಾನಾದರೆ ಅದನ್ನು ಈ ರೀತಿಯಾಗಿ ಬರೆದೇನು:

"ಮಾನ್ಯರೇ, ದಿನಾಂಕ 9–7–2024ರ ರಾತ್ರಿ ಸಿಡಿಲಿನಿಂದ ನಮ್ಮ ಸಂಘದ ಗಣಕಯಂತ್ರವು ಹಾಳಾಗಿ, 2023–24ನೇ ಸಾಲಿನ ನಗದು ಪುಸ್ತಕ ಹಾಗೂ ಖತಾವಣಿಯ ದಾಖಲೆಗಳು ನಷ್ಟವಾಗಿರುತ್ತವೆ. ಈ ವಿಷಯವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ದಾಖಲಿಸಿ ಕೈಗೊಂಡ ನಿರ್ಣಯದ ದೃಢೀಕೃತ ನಕಲನ್ನು ಲಗತ್ತಿಸಿದೆ. ಅಡಿಯಲ್ಲಿ ಹಳೆಯ ಮತ್ತು ಹೊಸ ಸಂಖ್ಯೆಗಳೊಡನೆ ನಮೂದಿಸಿರುವ ನಮ್ಮ ಚಾಲ್ತಿ, ಉಳಿತಾಯ ಹಾಗೂ ಬೆಳೆಸಾಲದ ಖಾತೆಗಳ ಸ್ಟೇಟ್‌ಮೆಂಟುಗಳನ್ನು 1–3–2023ರಿಂದ 30–6–2024ರವರೆಗೆ, ಪ್ರತಿ ಪುಟದ ಆರಂಭದ ಮತ್ತು ಅಂತ್ಯದ ಶಿಲ್ಕು ಕಾಣುವಂತೆ, ಶಾಖೆಯ ಮೊಹರು ಮತ್ತು ಸಹಿಯೊಡನೆ ಒದಗಿಸಬೇಕಾಗಿಯೂ, 31–3–2024ಕ್ಕೆ ನಮ್ಮ ಎಲ್ಲ ಖಾತೆ, ಠೇವಣಿ, ಸಾಲ ಮತ್ತು ಷೇರುಗಳ ಬಾಕಿಯನ್ನು ದೃಢೀಕರಿಸುವ ಪತ್ರವನ್ನು ಕೊಡಬೇಕಾಗಿಯೂ ಕೋರುತ್ತೇವೆ. ನಿಯಮಾನುಸಾರದ ಶುಲ್ಕವನ್ನು ನಮ್ಮ ಚಾಲ್ತಿ ಖಾತೆಗೆ ಖರ್ಚು ಹಾಕಬಹುದು."

ಕೆಳಗೆ, ಖಾತೆಯನ್ನು ನಡೆಸುವ ಅಧಿಕಾರವನ್ನು ಯಾರಿಗೆ ಕೊಟ್ಟಿದೆಯೋ ಅವರೆಲ್ಲರ ಸಹಿ ಇರಬೇಕು. ಅಧ್ಯಕ್ಷರೂ ಕಾರ್ಯದರ್ಶಿಯೂ ಜಂಟಿಯಾಗಿ ಸಹಿಮಾಡುವ ಖಾತೆಯ ವಿವರವನ್ನು ಕಾರ್ಯದರ್ಶಿಯೊಬ್ಬನ ಸಹಿಗೆ ಬ್ಯಾಂಕು ಕೊಡದಿದ್ದರೆ ಅದನ್ನು ಹಟವೆಂದು ಭಾವಿಸಬಾರದು. ಗ್ರಾಹಕನ ಗುಟ್ಟನ್ನು ಕಾಯುವುದು ಬ್ಯಾಂಕಿನ ಕರ್ತವ್ಯ. ಪತ್ರಕ್ಕೆ ಜಾವಕ ಸಂಖ್ಯೆಯನ್ನಿಟ್ಟು, ಕಚೇರಿಯ ಪ್ರತಿಯ ಮೇಲೆ ಬ್ಯಾಂಕಿನ ಸ್ವೀಕೃತಿಯ ಮೊಹರನ್ನು ಪಡೆಯುವುದು ಅವಶ್ಯ. ಮುಂದೆ ಪರಿಶೋಧಕರು ಬಂದಾಗ, ಲೆಕ್ಕ ಕಳೆದ ಕೂಡಲೇ ಸಂಘವು ಏನು ಮಾಡಿತೆಂಬುದಕ್ಕೆ ಆ ಮೊಹರೇ ಸಾಕ್ಷಿ.

ಒಂದು ವರ್ಷದ ಲೆಕ್ಕಕ್ಕೆ ಹದಿನಾರು ತಿಂಗಳ ಸ್ಟೇಟ್‌ಮೆಂಟು ಏಕೆಂದು ಕೇಳುಗರಲ್ಲಿ ಕೆಲವರಿಗೆ ತೋರಿದ್ದರೆ ಅದು ಸಹಜವೇ. ಇದೇ ಈ ಪತ್ರದ ಸಾರಭಾಗವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬ್ಯಾಂಕಿನ ಪುಸ್ತಕವು ಹಣವು ಬ್ಯಾಂಕನ್ನು ಮುಟ್ಟಿದ ದಿನವನ್ನು ಹೇಳುತ್ತದೆ; ಸಂಘದ ಪುಸ್ತಕವು ಸಂಘವು ಹಣ ಕೊಟ್ಟ ಅಥವಾ ಪಡೆದ ದಿನವನ್ನು ಹೇಳುತ್ತದೆ. ಇವೆರಡರ ನಡುವೆ ಕೆಲವು ದಿನಗಳ, ಕೆಲವೊಮ್ಮೆ ವಾರಗಳ ಅಂತರವಿರುತ್ತದೆ. ನಮ್ಮ ಉದಾಹರಣೆಯ ಸಂಘದ ಚಾಲ್ತಿ ಖಾತೆಯಲ್ಲಿ 2024ರ ಮಾರ್ಚ್ 31ರಂದು 4,86,200 ರೂಪಾಯಿ ಶಿಲ್ಕು ಇತ್ತೆಂದು ಸ್ಟೇಟ್‌ಮೆಂಟು ತೋರಿಸಿತೆನ್ನಿ. ಈ ಮೊತ್ತವನ್ನೇ ಅಢಾವೆ ಪತ್ರಿಕೆಗೆ ಇಳಿಸಿದರೆ ಲೆಕ್ಕ ತಪ್ಪುತ್ತದೆ. ಏಕೆಂದರೆ ಚೆಕ್ಕಿನ ಅಡಿಚೀಟಿಯ ಪ್ರಕಾರ ಮಾರ್ಚ್ 27ರಂದೇ ಗೊಬ್ಬರದ ಬಾಬ್ತು 62,000 ರೂಪಾಯಿಯ ಚೆಕ್ಕನ್ನು ಸಂಘವು ಕೊಟ್ಟಿದ್ದಿತು. ಅದು ಬ್ಯಾಂಕಿಗೆ ಬಂದುದು ಏಪ್ರಿಲ್ 4ರಂದು. ಹಾಗೆಯೇ ಸದಸ್ಯರೊಬ್ಬರ 35,000 ರೂಪಾಯಿಯ ಚೆಕ್ಕನ್ನು ಮಾರ್ಚ್ 30ರಂದು ಬ್ಯಾಂಕಿಗೆ ಹಾಕಿದುದಕ್ಕೆ ಚಲನಿನ ಪ್ರತಿಯ ಮೇಲಿನ ಮೊಹರು ಸಾಕ್ಷಿ. ಹಣ ಜಮೆಯಾದುದು ಏಪ್ರಿಲ್ 2ರಂದು. 4,86,200ರಿಂದ 62,000ವನ್ನು ಕಳೆದು, 35,000ವನ್ನು ಕೂಡಿದಾಗ ದೊರೆಯುವ 4,59,200 ರೂಪಾಯಿಯೇ ಸಂಘದ ಪುಸ್ತಕದಲ್ಲಿ ಇರಬೇಕಾದ ಬ್ಯಾಂಕ್ ಶಿಲ್ಕು. ಏಪ್ರಿಲ್ ತಿಂಗಳ ಸ್ಟೇಟ್‌ಮೆಂಟು ಕೈಯಲ್ಲಿಲ್ಲದಿದ್ದರೆ ಆ ಎರಡು ಚೆಕ್ಕುಗಳ ಗತಿಯನ್ನು ಅರಿಯುವ ಬಗೆಯೇ ಇರುತ್ತಿರಲಿಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಸ್ಸು ಮೂರು ತಿಂಗಳು ಮಾತ್ರ. ಆದುದರಿಂದ ಮಾರ್ಚ್ ಕೊನೆಯಲ್ಲಿ ಬರೆದ ಚೆಕ್ಕು ಜೂನ್ ಕಳೆಯುವುದರೊಳಗೆ ಬಂದೇ ಬರಬೇಕು, ಇಲ್ಲವೇ ನಿರರ್ಥಕವಾಗಬೇಕು. ಪತ್ರದಲ್ಲಿ ಜೂನ್ 30ನ್ನು ಕೊನೆಯ ಗಡುವಾಗಿ ಇಟ್ಟುದಕ್ಕೆ ಇದೇ ಕಾರಣ. ವರ್ಷದ ಆದಿಯಲ್ಲಿ ಮಾರ್ಚ್ ತಿಂಗಳನ್ನೂ ಸೇರಿಸಿಕೊಂಡುದು, ಹಿಂದಿನ ಸಾಲಿನ ಪರಿಶೋಧಿತ ಶಿಲ್ಕಿಗೂ ಸ್ಟೇಟ್‌ಮೆಂಟಿನ ಶಿಲ್ಕಿಗೂ ತಾಳೆ ನೋಡಿ ಗಟ್ಟಿಯಾದ ನೆಲದ ಮೇಲೆ ನಿಂತು ಮುಂದುವರಿಯುವುದಕ್ಕಾಗಿ.

ಸ್ಟೇಟ್‌ಮೆಂಟುಗಳನ್ನು ಎಲ್ಲ ಖಾತೆಗಳಿಗೂ ಒಟ್ಟಿಗೇ ಕೇಳುವುದಕ್ಕೆ ಇನ್ನೊಂದು ಕಾರಣವುಂಟು. ಜನವರಿಯಲ್ಲಿ ಉಳಿತಾಯ ಖಾತೆಯಿಂದ ಎರಡು ಲಕ್ಷ ರೂಪಾಯಿ ಬೆಳೆಸಾಲದ ಖಾತೆಗೆ ವರ್ಗವಾಗಿದ್ದರೆ ಅದು ಒಂದರಲ್ಲಿ ಖರ್ಚಾಗಿಯೂ ಮತ್ತೊಂದರಲ್ಲಿ ಜಮೆಯಾಗಿಯೂ ಕಾಣಿಸುತ್ತದೆ. ಒಂದೊಂದೇ ಖಾತೆಯನ್ನು ಬೇರೆಯಾಗಿ ಓದಿದವನು ತನ್ನದೇ ಹಣವನ್ನು ಹೊರಗಿನಿಂದ ಬಂದ ಆದಾಯವೆಂದು ಬಗೆಯುವ ಅಪಾಯವಿದೆ. ಬ್ಯಾಂಕು ಜಮಾ ಎಂದು ತೋರಿಸಿದುದು, ಸಂಘದ ನಗದು ಪುಸ್ತಕದಲ್ಲಿ ಬ್ಯಾಂಕಿಗೆ ಕಟ್ಟಿದ ಹಣವಾಗಿ ಖರ್ಚಿನ ಕಡೆಗೆ ಬರುತ್ತದೆಂಬುದನ್ನೂ ಹೊಸದಾಗಿ ಕೆಲಸಕ್ಕೆ ಬಂದವರು ಮರೆಯಕೂಡದು.

ಬ್ಯಾಂಕು ಕೊಟ್ಟ ಮುದ್ರಿತ ಹಾಳೆಗೆ ಸಾಕ್ಷ್ಯದ ಬೆಲೆ ಬರುವುದು ಅದರ ಮೇಲಿನ ದೃಢೀಕರಣದಿಂದ. ಬ್ಯಾಂಕುಗಳ ಪುಸ್ತಕಗಳ ಸಾಕ್ಷ್ಯವನ್ನು ಕುರಿತ 1891ರ ಕಾಯಿದೆಗೆ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ತಿದ್ದುಪಡಿಯಾಗಿದೆ. ಅದರಂತೆ ಗಣಕಯಂತ್ರದಿಂದ ತೆಗೆದ ಪ್ರತಿಯೊಡನೆ ವ್ಯವಸ್ಥಾಪಕರ ಅಥವಾ ಮುಖ್ಯ ಲೆಕ್ಕಿಗರ ಪ್ರಮಾಣಪತ್ರವೂ, ಯಂತ್ರವ್ಯವಸ್ಥೆಯ ಹೊಣೆ ಹೊತ್ತವರ ಪ್ರಮಾಣಪತ್ರವೂ ಇರಬೇಕೆಂಬ ನಿಯಮವಿದೆ. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗುವ ಸಂಭವವಿದ್ದಲ್ಲಿ ಇವನ್ನೂ ಪತ್ರದಲ್ಲೇ ಕೇಳಿಕೊಳ್ಳುವುದು ಲೇಸು. ಇನ್ನು, ಸಹಕಾರಿ ಬ್ಯಾಂಕುಗಳು ತಮ್ಮ ದಾಖಲೆಗಳನ್ನು ಎಷ್ಟು ಕಾಲ ಇರಿಸಿಕೊಳ್ಳಬೇಕೆಂಬುದಕ್ಕೆ 1985ರ ನಿಯಮಗಳಿವೆ: ಕೆಲವಕ್ಕೆ ಐದು ವರ್ಷ, ಖತಾವಣಿ ಮುಂತಾದವಕ್ಕೆ ಎಂಟು ವರ್ಷ. ಅದಕ್ಕಿಂತ ಹಿಂದಿನದನ್ನು ಕೇಳಿದಾಗ ಬ್ಯಾಂಕು ಇಲ್ಲವೆಂದರೆ ಅದು ನಿಯಮಕ್ಕೆ ವಿರುದ್ಧವಾದ ಮಾತಲ್ಲ.

ಇಷ್ಟಾದರೂ ಬ್ಯಾಂಕು ಹೇಳಲಾರದ ಒಂದು ದೊಡ್ಡ ಭಾಗ ಉಳಿಯುತ್ತದೆ. ಒಂದು ದಿನ ಸಂಘವು 1,18,500 ರೂಪಾಯಿ ನಗದನ್ನು ಕಟ್ಟಿತೆಂದು ಸ್ಟೇಟ್‌ಮೆಂಟಿನ ಒಂದು ಸಾಲು ಹೇಳಬಲ್ಲುದೇ ಹೊರತು, ಆ ಹಣ ಯಾವ ಯಾವ ಸದಸ್ಯರ ಸಾಲದ ಕಂತು, ಯಾರ ಬಡ್ಡಿ, ಯಾರ ಠೇವಣಿ ಎಂಬುದನ್ನು ಹೇಳಲಾರದು. ಅದನ್ನು ರಸೀದಿ ಪುಸ್ತಕದಿಂದ ಒಂದೊಂದಾಗಿ ಬಿಡಿಸಬೇಕು. ಆ ದಿನದ ರಸೀದಿಗಳ ಮೊತ್ತ 1,17,000 ಮಾತ್ರ ಆದರೆ ಉಳಿದ 1,500 ರೂಪಾಯಿಯನ್ನು ಊಹೆಯಿಂದ ಯಾರ ಖಾತೆಗೂ ಹಾಕಬಾರದು. ಅದನ್ನು ಅನಾಮತ್ತು ಖಾತೆಯಲ್ಲಿಟ್ಟು, ಕಾರಣವನ್ನು ಬರೆದು, ಲೆಕ್ಕಪರಿಶೋಧಕರ ಎದುರಿಗೆ ಹಾಗೆಯೇ ತೋರಿಸಬೇಕು. ಲೆಕ್ಕವನ್ನು ಸರಿಹೊಂದಿಸುವ ಆತುರದಲ್ಲಿ ಒಬ್ಬ ರೈತನ ಬಾಕಿಯನ್ನು ಹೆಚ್ಚಿಸಿ ಇನ್ನೊಬ್ಬನದನ್ನು ಇಳಿಸುವ ಅಧಿಕಾರ ಯಾರಿಗೂ ಇಲ್ಲ, ಮೊತ್ತ ಎಷ್ಟೇ ಅಲ್ಪವಾಗಿರಲಿ.

ಈ ಕಡೆಯ ಕೆಲಸದಲ್ಲಿ ಬ್ಯಾಂಕಿಗಿಂತ ಹೆಚ್ಚು ನೆರವಾಗಬಲ್ಲವರು ಸದಸ್ಯರಾದ ನೀವೇ. ನಿಮ್ಮ ಊರಿನ ಸಂಘದಲ್ಲಿ ಇಂತಹ ವಿಪತ್ತು ಸಂಭವಿಸಿ, ಪಾಸ್ ಪುಸ್ತಕವನ್ನೂ ರಸೀದಿಗಳನ್ನೂ ತಂದು ತೋರಿಸಿರೆಂದು ಸೂಚನಾ ಫಲಕದಲ್ಲಿ ಪ್ರಕಟಣೆ ಬಂದಾಗ, ದಯವಿಟ್ಟು ತಡಮಾಡದೆ ಕೊಂಡೊಯ್ಯಿರಿ. ಮೂಲಪ್ರತಿಯನ್ನು ಅಲ್ಲಿ ಬಿಟ್ಟುಬರದೆ ನಕಲನ್ನು ಮಾತ್ರ ಕೊಟ್ಟು, ಕೊಟ್ಟುದಕ್ಕೆ ಸ್ವೀಕೃತಿಯನ್ನು ಬರೆಸಿಕೊಳ್ಳಿರಿ.