ಕಣ್ಣಿಗೂ ಕಿವಿಗೂ ಎಟುಕುವ ಬೇಸಾಯದ ವಿಡಿಯೊ
(ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವ ಸುದ್ದಿ ಬಂತೆಂದರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಸಸಿಮಡಿಯ ಕೆಲಸ ಆರಂಭವಾಗುತ್ತದೆ. ಅದರ ಜೊತೆಯಲ್ಲೇ ಮೊಬೈಲಿನಲ್ಲಿ ಒಂದೆರಡು ನಿಮಿಷದ ವಿಡಿಯೊಗಳೂ ಊರಿಂದ ಊರಿಗೆ ಹರಿಯತೊಡಗುತ್ತವೆ. ಇವನ್ನು ತೆಗೆಯುವವರು ನಿಮ್ಮಲ್ಲೇ ಹಲವರಿದ್ದೀರಿ. ವಿಡಿಯೊದಲ್ಲಿ ಏನು ಹೇಳಬೇಕೆಂಬುದು ನಿಮಗೆ ಗೊತ್ತಿದೆ. ಆದರೆ ಕಣ್ಣಿಗೆ ಪೊರೆ ಬಂದ ಹಿರಿಯರಿಗೆ, ಹುಟ್ಟಿನಿಂದಲೇ ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಅದು ತಲಪುವಂತೆ ಹೇಗೆ ಮಾಡಬೇಕೆಂಬುದನ್ನು ಕುರಿತು ಇಂದು ಎರಡು ಮಾತು ಹೇಳುತ್ತೇನೆ.

ಉದಾಹರಣೆಗೆ ಉಪ್ಪು ನೀರಿನಲ್ಲಿ ಭತ್ತದ ಬೀಜ ಆರಿಸುವ ಕೆಲಸವನ್ನೇ ತೆಗೆದುಕೊಳ್ಳೋಣ. ಇದರ ವಿಡಿಯೊ ಸಾಮಾನ್ಯವಾಗಿ ಹೀಗಿರುತ್ತದೆ. ಬಕೆಟ್ಟಿನ ಮುಂದೆ ನಿಂತ ಒಬ್ಬರು, "ಇಷ್ಟು ನೀರಿಗೆ ಇಷ್ಟು ಉಪ್ಪು ಹಾಕಿ, ಹೀಗೆ ಕಲಸಿ, ಮೊಟ್ಟೆ ಬಿಟ್ಟರೆ ಇಲ್ಲಿಯವರೆಗೆ ತೇಲಬೇಕು, ಆಮೇಲೆ ಬೀಜ ಹಾಕಿ ಇದನ್ನು ತೆಗೆದುಬಿಡಿ" ಎನ್ನುತ್ತಾರೆ. ನೋಡುವವರಿಗೆ ಎಲ್ಲವೂ ಸ್ಪಷ್ಟ. ಆದರೆ ಪಡಸಾಲೆಯಲ್ಲಿ ಕುಳಿತು ಬರೀ ಧ್ವನಿ ಕೇಳುವ ಅಜ್ಜ ಏನೆನ್ನುತ್ತಾನೆ? "ಇಷ್ಟು ಅಂದ್ರೆ ಎಷ್ಟಪ್ಪ?" ಎನ್ನುತ್ತಾನೆ. ಅವನಿಗೆ ಒಂದು ಅಳತೆಯೂ ಸಿಕ್ಕಿಲ್ಲ.

ತೊಡಕಿರುವುದು ಇಷ್ಟು, ಹೀಗೆ, ಇಲ್ಲಿ, ಇದು ಎಂಬ ನಾಲ್ಕು ಪದಗಳಲ್ಲಿ. ಇವು ಬೆರಳು ತೋರಿಸುವ ಪದಗಳು. ಬೆರಳು ಕಾಣದಿದ್ದರೆ ಇವಕ್ಕೆ ಅರ್ಥವಿಲ್ಲ. ಹಿಂದೆ ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಲ್ಲಿ ಮಾತನಾಡಿದವರಿಗೆ ಈ ಪದಗಳನ್ನು ಬಳಸುವ ಅವಕಾಶವೇ ಇರಲಿಲ್ಲ. ಎಲ್ಲವನ್ನೂ ಬಾಯಲ್ಲೇ ಹೇಳಬೇಕಿತ್ತು. ಕ್ಯಾಮರಾ ಬಂದ ಮೇಲೆ ನಮ್ಮ ನಾಲಿಗೆ ಸೋಮಾರಿಯಾಗಿದೆ.

ಆದ್ದರಿಂದ ವಿಡಿಯೊ ತೆಗೆಯುವ ಮೊದಲು ಹೇಳಬೇಕಾದ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ನಾಲ್ಕು ಪದಗಳು ಬಂದ ಕಡೆಯಲ್ಲೆಲ್ಲ ಗೆರೆ ಎಳೆಯಿರಿ. ಪ್ರತಿ ಗೆರೆಯ ಜಾಗದಲ್ಲಿ ಒಂದು ಅಳತೆ, ಒಂದು ಆಕಾರ ಅಥವಾ ಒಂದು ವಸ್ತುವಿನ ಹೆಸರು ಬರಬೇಕು. ಮೇಲಿನ ಮಾತನ್ನೇ ತಿದ್ದಿದರೆ ಹೀಗಾಗುತ್ತದೆ:

"ಬಕೆಟ್ಟಿನಲ್ಲಿ 10 ಲೀಟರ್ ನೀರಿದೆ. ಇದಕ್ಕೆ ಸುಮಾರು ಒಂದೂವರೆ ಕಿಲೋ ಅಡಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಹರಳು ಕರಗುವವರೆಗೆ ಕೋಲಿನಿಂದ ಕಲಸುತ್ತಿದ್ದೇನೆ. ಈಗ ಒಂದು ಹೊಸ ಕೋಳಿಮೊಟ್ಟೆ ಬಿಡುತ್ತೇನೆ. ಮೊಟ್ಟೆ ಮೇಲಕ್ಕೆ ಬಂದು ತೇಲುತ್ತಿದೆ. ಅದರ ಸಿಪ್ಪೆ ನೀರಿನಿಂದ ಒಂದು ಸಣ್ಣ ನಾಣ್ಯದ ಅಗಲದಷ್ಟು ಮಾತ್ರ ಹೊರಗಿದೆ. ಬೆರಳಿಟ್ಟು ಮುಟ್ಟಿದರೂ ತಿಳಿಯುತ್ತದೆ. ಮುಳುಗಿದರೆ ಇನ್ನಷ್ಟು ಉಪ್ಪು ಬೇಕು. ಮೊಟ್ಟೆ ತೆಗೆದು ಬೀಜ ಸುರಿದು ಕೈಯಾಡಿಸುತ್ತೇನೆ. ಜೊಳ್ಳು ಮೇಲೆ ತೇಲಿತು, ಅದನ್ನು ಜರಡಿಯಿಂದ ತೆಗೆದೆ. ಗಟ್ಟಿ ಕಾಳು ತಳದಲ್ಲಿದೆ. ಅದನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು, ಇಲ್ಲವಾದರೆ ಉಪ್ಪು ಮೊಳಕೆಗೆ ಹಾನಿ ಮಾಡುತ್ತದೆ."

ಇದನ್ನು ಬರೆದುಕೊಳ್ಳುವಾಗ ಇನ್ನೊಂದು ಲಾಭವನ್ನು ಗಮನಿಸಿ. ಮೊಟ್ಟೆ ಹೊಸದಿರಬೇಕೆಂಬ ಮಾತು ಚಿತ್ರದಲ್ಲಿ ಯಾರಿಗೂ ಕಾಣುವುದಿಲ್ಲ. ಹಳೆಯ ಮೊಟ್ಟೆಯೊಳಗೆ ಗಾಳಿ ಹೆಚ್ಚಿರುವುದರಿಂದ ಅದು ಕಡಿಮೆ ಉಪ್ಪಿನಲ್ಲೂ, ಕೆಲವೊಮ್ಮೆ ಬರೀ ನೀರಿನಲ್ಲೂ ತೇಲಿಬಿಡುತ್ತದೆ. ಆಗ ಅರೆಜೊಳ್ಳು ಕಾಳೂ ತಳ ಸೇರುತ್ತದೆ. ಉಪ್ಪು ಹಾಕುವ ಮೊದಲು ಬರೀ ನೀರಿಗೆ ಬಿಟ್ಟು ನೋಡಿದರೆ, ಹೊಸ ಮೊಟ್ಟೆ ತಳದಲ್ಲಿ ಅಡ್ಡಡ್ಡಲಾಗಿ ಮಲಗುತ್ತದೆ. ಬಾಯಿಬಿಟ್ಟು ಹೇಳಲು ಹೊರಟಾಗ ಇಂಥ ಸಂಗತಿಗಳು ತಾವಾಗಿಯೇ ಹೊರಬರುತ್ತವೆ. ಕಣ್ಣಿದ್ದವರಿಗೂ ಅದರ ಪ್ರಯೋಜನವುಂಟು.

ಅಳತೆ ಹೇಳುವಾಗ ಗ್ರಾಂ, ಸೆಂಟಿಮೀಟರುಗಳ ಜೊತೆಗೆ ಮೈಯ ಅಳತೆಯನ್ನೂ ಸೇರಿಸಿ. ನಾಟಿಯ ಆಳ ಎರಡು ಮೂರು ಸೆಂಟಿಮೀಟರ್ ಎಂದವರು, ಬೆರಳಿನ ಒಂದು ಗೆಣ್ಣಿನಷ್ಟು ಎಂದೂ ಹೇಳಲಿ. ಗೇಣು, ಮೊಳ, ಹಿಡಿ, ಬೊಗಸೆ ಇವು ಕಣ್ಣಿಲ್ಲದೆಯೂ ಕೈಗೆ ಸಿಗುವ ಅಳತೆಗಳು. ಬಣ್ಣದ ಮಾತು ಬಂದಾಗ ಆಕಾರವೂ ಜಾಗವೂ ಜೊತೆಗಿರಲಿ. "ಎಲೆಯ ಮೇಲೆ ಈ ರೀತಿ ಕಲೆ ಬರುತ್ತದೆ" ಎಂದರೆ ಬೆಂಕಿ ರೋಗವೋ ಕಂದು ಚುಕ್ಕೆ ರೋಗವೋ ತಿಳಿಯದು. "ಎರಡೂ ತುದಿ ಚೂಪಾಗಿ ಕಣ್ಣಿನ ಆಕಾರ, ನಡುವೆ ಬೂದಿ ಬಣ್ಣ, ಅಂಚು ಕಂದು" ಎಂದರೆ ಬೆಂಕಿ ರೋಗ. "ಎಳ್ಳುಕಾಳಿನ ಆಕಾರದ ಕಂದು ಚುಕ್ಕೆ" ಎಂದರೆ ಇನ್ನೊಂದು.

ಹಾಗೆಂದು ಕಂಡದ್ದನ್ನೆಲ್ಲ ವರ್ಣಿಸಲು ಹೋಗಬೇಡಿ. ಹಿಂದಿನ ತೆಂಗಿನ ಮರ, ಮಾತನಾಡುವವರ ಅಂಗಿಯ ಬಣ್ಣ ಯಾರಿಗೂ ಬೇಕಿಲ್ಲ. ಕೇಳಿದವನು ಆ ಕೆಲಸವನ್ನು ಮಾಡಲು ಏನು ಬೇಕೋ ಅಷ್ಟೇ ಸಾಕು. ಹಿರಿಯರು ಹಿಂಬಾಲಿಸಬಲ್ಲ ವೇಗದಲ್ಲಿ ಮಾತನಾಡಿ. ನಾನು ಈಗ ಓದಿದ ಬೀಜದ ಮಾತು ಒಂದು ನಿಮಿಷಕ್ಕೆ ಸರಿಯಾಗಿ ಒಗ್ಗುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಅಭ್ಯಾಸವನ್ನು ದಯಮಾಡಿ ಬಿಡಿ. ಕಿವಿ ಮಂದವಾದವರಿಗೆ ಹಾಡು ಮಾತನ್ನು ನುಂಗಿಹಾಕುತ್ತದೆ.

ಇನ್ನು ಕಿವಿ ಕೇಳದವರ ವಿಷಯ. ಅವರಿಗೆ ಮಾತೆಲ್ಲ ಬರಹವಾಗಿ ಪರದೆಯ ಮೇಲೆ ಬರಬೇಕು. ಇದನ್ನು ಅಡಿಬರಹ ಎನ್ನೋಣ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸಿನಲ್ಲಿ ಧ್ವನಿ ನಿಲ್ಲಿಸಿ ನೋಡುವವರಿಗೂ ಇದೇ ಆಧಾರ. ನಮ್ಮಲ್ಲಿ ಅಡಿಬರಹ ಹಾಕುವವರು ಸಾಮಾನ್ಯವಾಗಿ ಬಿಳಿ ಅಥವಾ ಹಳದಿ ಅಕ್ಷರವನ್ನು ಗದ್ದೆಯ ಚಿತ್ರದ ಮೇಲೆ ನೇರವಾಗಿ ಕೂರಿಸುತ್ತಾರೆ. ಗದ್ದೆಯಲ್ಲಿ ನಿಂತ ನೀರು ಆಕಾಶವನ್ನು ಪ್ರತಿಬಿಂಬಿಸಿ ಬೆಳ್ಳಗಿರುತ್ತದೆ, ಎಳೆಯ ಪೈರು ತಿಳಿಹಸಿರಿರುತ್ತದೆ. ಕ್ಯಾಮರಾ ಸ್ವಲ್ಪ ತಿರುಗಿದರೆ ಅರ್ಧ ಸಾಲು ಮಾಯವಾಗುತ್ತದೆ.

ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸಕ್ಕೆ ಒಂದು ಅಳತೆಯುಂಟು. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಎಂಬ ಸಂಸ್ಥೆ, ಸಾಧಾರಣ ಗಾತ್ರದ ಬರಹಕ್ಕೆ ಈ ಅನುಪಾತ 4.5ಕ್ಕೆ 1 ಆದರೂ ಇರಬೇಕು, ದೊಡ್ಡ ಗಾತ್ರದ ಬರಹಕ್ಕೆ 3ಕ್ಕೆ 1 ಸಾಕು ಎಂದು ಗೊತ್ತುಮಾಡಿದೆ. ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ 21ಕ್ಕೆ 1. ಕಪ್ಪಿನ ಮೇಲೆ ಹಳದಿ ಸುಮಾರು 19.5ಕ್ಕೆ 1. ಆದರೆ ಬಿಳಿಯ ಮೇಲೆ ಹಳದಿ ಹಾಕಿದರೆ ಅನುಪಾತ 1ರ ಹತ್ತಿರವೇ ಉಳಿಯುತ್ತದೆ, ಅಂದರೆ ಅಕ್ಷರ ಇದ್ದೂ ಇಲ್ಲದಂತೆ. ಹಸಿರಿನ ಮೇಲೆ ಕೆಂಪು ಎದ್ದು ಕಾಣುತ್ತದೆಂದು ಹಲವರು ಭಾವಿಸುತ್ತಾರೆ. ಕೆಲವು ಹಸಿರುಗಳ ಮೇಲೆ ಕೆಂಪಿನ ಅನುಪಾತ 1.3ನ್ನೂ ಮುಟ್ಟುವುದಿಲ್ಲ. ಕೆಂಪು ಹಸಿರಿನ ಭೇದ ತಿಳಿಯದ ಕಣ್ಣಿನವರಿಗೆ, ಇದು ಗಂಡಸರಲ್ಲೇ ಹೆಚ್ಚು, ಅಲ್ಲಿ ಬರಹವಿದೆಯೆಂಬುದೇ ಗೊತ್ತಾಗದೆ ಹೋಗಬಹುದು. ಔಷಧಿಯ ಎಚ್ಚರಿಕೆಯನ್ನು ಕೆಂಪಿನಲ್ಲಿ ಬರೆಯುವವರು ಇದನ್ನು ನೆನಪಿಡಬೇಕು.

ಪರಿಹಾರ ಸುಲಭವಾಗಿದೆ. ಅಕ್ಷರದ ಹಿಂದೆ ತುಂಬಿದ ಕಪ್ಪು ಪಟ್ಟಿ ಹಾಕಿ, ಅದರ ಮೇಲೆ ಬಿಳಿ ಅಥವಾ ಹಳದಿಯಲ್ಲಿ ಬರೆಯಿರಿ. ಪಟ್ಟಿ ಇದ್ದರೆ ಚಿತ್ರ ಹೇಗೆ ತಿರುಗಿದರೂ ಬರಹಕ್ಕೆ ಭಂಗವಿಲ್ಲ. ಕೆಲವರು ಪಟ್ಟಿಯ ಬದಲು ಅಕ್ಷರದ ಸುತ್ತ ದಪ್ಪ ಕಪ್ಪು ಅಂಚು ಎಳೆಯುತ್ತಾರೆ. ಇಂಗ್ಲಿಷಿಗೆ ಅದು ನಡೆದೀತು. ನಮ್ಮ ಕನ್ನಡ ಅಕ್ಷರಗಳ ಸುರುಳಿ ಸಣ್ಣದು. ಅಂಚು ದಪ್ಪವಾದರೆ ಸುರುಳಿಯೊಳಗೆ ಮಸಿ ತುಂಬಿದಂತಾಗುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ವಿಡಿಯೊ ಕುಗ್ಗುವುದರಿಂದ ಈ ದೋಷ ಇನ್ನೂ ಹೆಚ್ಚುತ್ತದೆ. ಕನ್ನಡಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಪಟ್ಟಿ ಕಿರಿದಾದರೆ, ಅಥವಾ ಎರಡು ಸಾಲು ಒತ್ತೊತ್ತಾದರೆ, "ಉಪ್ಪು" ಎಂಬಲ್ಲಿ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಕಚೇರಿಯ ಗಣಕದಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ಮೊಬೈಲಿಗೆ ತಂದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಯೂನಿಕೋಡಿಗೆ ಬದಲಾಯಿಸಿಕೊಂಡೇ ಹಾಕಬೇಕು.

ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬರಹ ಬೇಡ. ನಿಧಾನವಾಗಿ ಎರಡು ಸಲ ಓದಿ ಮುಗಿಸುವಷ್ಟು ಹೊತ್ತು ಅದು ನಿಲ್ಲಲಿ. ಉದ್ದುದ್ದವಾಗಿ ತೆಗೆದ ವಿಡಿಯೊಗಳಲ್ಲಿ ಪರದೆಯ ತೀರ ಕೆಳಭಾಗವನ್ನು ಹೆಸರು, ಗುಂಡಿಗಳು ಆವರಿಸುವುದರಿಂದ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆ ಇಡಿ. ಆದರೆ ಮೊಟ್ಟೆಯನ್ನೇ ಮುಚ್ಚಿಬಿಡಬೇಡಿ. ಅಂಕಿಗಳನ್ನು ಅಂಕಿಯಲ್ಲೇ ಬರೆಯಿರಿ.

ಕಳಿಸುವ ಮೊದಲು ಪರೀಕ್ಷೆ ಮಾಡುವುದು ಹೀಗೆ. ಮೊಬೈಲನ್ನು ಬೋರಲು ಹಾಕಿ, ವಿಡಿಯೊ ತೆಗೆಯುವಾಗ ಅಲ್ಲಿರದಿದ್ದ ಒಬ್ಬರಿಗೆ ಕೇಳಿಸಿ. ಅರ್ಥವಾಯಿತೇ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ಉಪ್ಪು ಎಷ್ಟು? ಮೊಟ್ಟೆ ಎಷ್ಟು ಹೊರಗಿರಬೇಕು? ಯಾವ ಕಾಳನ್ನು ಇಟ್ಟುಕೊಳ್ಳಬೇಕು?" ಎಂದು ಕೇಳಿ. ಉತ್ತರ ಬಾರದ ಕಡೆ ನಿಮ್ಮ ಮಾತು ಖಾಲಿಯಿದೆ. ಆಮೇಲೆ ಧ್ವನಿ ನಿಲ್ಲಿಸಿ ಇನ್ನೊಬ್ಬರಿಗೆ ತೋರಿಸಿ ಅದೇ ಪ್ರಶ್ನೆ ಹಾಕಿ. ಕೊನೆಗೆ ನಡುಮಧ್ಯಾಹ್ನ ಬದುವಿನ ಮೇಲೆ ನಿಂತು, ಮೊಬೈಲನ್ನು ಕೈ ಚಾಚಿ ಹಿಡಿದು ಅಡಿಬರಹ ಓದಿ. ಬಿಸಿಲಿನಲ್ಲಿ ಓದಲಾಗದ ಬರಹ ಪೊರೆ ಬಂದ ಕಣ್ಣಿಗೆ ನೆರಳಿನಲ್ಲೂ ಓದಲಾಗದು.

ಈ ಕ್ರಮಕ್ಕೂ ಮಿತಿಯುಂಟು. ಚಿತ್ರದೊಳಗೆ ಅಚ್ಚಾದ ಅಡಿಬರಹವನ್ನು ನೋಡುವವರು ದೊಡ್ಡದು ಮಾಡಿಕೊಳ್ಳಲಾರರು. ಯೂಟ್ಯೂಬಿನಲ್ಲಿ ಅಡಿಬರಹವನ್ನು ಬೇರೆ ಕಡತವಾಗಿ ಸೇರಿಸಿದರೆ ಗಾತ್ರ, ಬಣ್ಣ ಬದಲಿಸಿಕೊಳ್ಳಬಹುದು. ವಾಟ್ಸಾಪಿನಲ್ಲಿ ಹಂಚುವ ವಿಡಿಯೊದೊಂದಿಗೆ ಆ ಕಡತ ಬರುವುದಿಲ್ಲವಾದ್ದರಿಂದ ಅಲ್ಲಿಗೆ ಅಚ್ಚಾದ ಬರಹವೇ ಗತಿ. ಕಣ್ಣು ಕಾಣದವರು ಮೊಬೈಲಿನಲ್ಲಿ ಬಳಸುವ ಓದುವ ಸಾಧನ, ಟಾಕ್‌ಬ್ಯಾಕ್ ಎನ್ನುತ್ತಾರೆ, ವಿಡಿಯೊದೊಳಗಿನ ಈ ಬರಹವನ್ನು ಓದಿಹೇಳುತ್ತದೆಂದು ನೆಚ್ಚುವಂತಿಲ್ಲ. ಆದರೆ ಸಂದೇಶವಾಗಿ ಟೈಪು ಮಾಡಿದ ಕನ್ನಡವನ್ನು ಅದು ಓದುತ್ತದೆ, ಮೊಬೈಲಿನಲ್ಲಿ ಕನ್ನಡ ಧ್ವನಿಯನ್ನು ಹಾಕಿಕೊಂಡಿರಬೇಕಷ್ಟೆ. ಆದ ಕಾರಣ ನೀವು ಬರೆದುಕೊಂಡ ಹಾಳೆಯ ಮಾತನ್ನು ವಿಡಿಯೊದ ಕೆಳಗೆ ಸಂದೇಶವಾಗಿಯೂ ಕಳಿಸಿ. ನೀರು ಎಷ್ಟು, ಉಪ್ಪು ಎಷ್ಟು ಎಂಬುದನ್ನು ಬೇಕಾದಾಗ ಮತ್ತೆ ಹುಡುಕಿ ಕೇಳಿಕೊಳ್ಳಲು ಅವರಿಗೆ ಅದು ಒದಗುತ್ತದೆ.